ದುಡ್ಡು ಬಂದಿದೆ, ಆದರೂ ಮಾಲು ನಿಂತಿದೆ: ಉದ್ರಿ ಲಿಮಿಟ್, ಗಡುವು, ಹೋಲ್ಡ್ ಕೆಲಸ ಮಾಡುವ ಬಗೆ

ಫೆಬ್ರುವರಿ 14ರ ಬೆಳಿಗ್ಗೆ ಮದ್ದೂರಿನ ಒಂದು ಹಾರ್ಡ್‌ವೇರ್ ಅಂಗಡಿಯಿಂದ ಫೋನ್ ಬಂತು. "ಏನಣ್ಣ, ದುಡ್ಡು ಹಾಕಿ ಹತ್ತು ದಿನ ಆಯ್ತು. ಮಾಲ್ ಯಾಕಣ್ಣ ನಿಲ್ಸಿದ್ದೀರಿ? ಬೋರ್ ಕೊರೆಸಿರೋ ರೈತ ಅಂಗಡಿ ಮುಂದೆ ಬಂದು ಕೂತವ್ರೆ."

ನಾನು ಮಂಡ್ಯದಲ್ಲಿ ಪೈಪು, ಫಿಟ್ಟಿಂಗ್ಸ್, ಪಂಪ್‌ಸೆಟ್ ಹೋಲ್‌ಸೇಲ್ ಮಾಡುವ ಕಡೆ ಲೆಕ್ಕ ನೋಡುತ್ತೇನೆ. ನಮ್ಮ ಮಾಲಿನಲ್ಲಿ ಹೆಚ್ಚಿನದು ಮದ್ದೂರು, ಮಳವಳ್ಳಿ, ಪಾಂಡವಪುರ, ನಾಗಮಂಗಲದ ಅಂಗಡಿಗಳಿಗೆ ಉದ್ರಿಯಲ್ಲೇ ಹೋಗುತ್ತದೆ. ಯಾರ ಬಾಕಿ ಗಡುವು ದಾಟಿದೆಯೋ ಅವರ ಹೊಸ ಆರ್ಡರನ್ನು ಸಾಫ್ಟ್‌ವೇರ್ ತಾನಾಗಿಯೇ ನಿಲ್ಲಿಸುತ್ತದೆ. ಅದಕ್ಕೆ ಹೋಲ್ಡ್ ಅಂತೀವಿ. ಆ ದಿನ ಮದ್ದೂರಿನವರ ಆರ್ಡರ್ ಹೋಲ್ಡ್ ಆಗಿತ್ತು. ಆದರೆ ಅವರು ಹೇಳಿದ್ದು ನಿಜ, ದುಡ್ಡು ಬಂದಿತ್ತು. ಸಾಫ್ಟ್‌ವೇರ್ ಕೂಡ ತನಗೆ ಹೇಳಿಕೊಟ್ಟ ಪ್ರಕಾರವೇ ನಡೆದಿತ್ತು. ತಪ್ಪು ನಮ್ಮ ಲೆಕ್ಕದ ಮೇಜಿನಲ್ಲಿತ್ತು. ಅದು ಹೇಗೆ ಅಂತ ತಿಳಿಯಬೇಕಾದರೆ ಹೋಲ್ಡ್ ಏನನ್ನು ನೋಡಿ ತೀರ್ಮಾನ ಮಾಡುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಉದ್ರಿಗೆ ಎರಡು ಅಳತೆ ಇದೆ. ಒಂದು ಎಷ್ಟು, ಇನ್ನೊಂದು ಎಷ್ಟು ದಿನ. ಎಷ್ಟು ಅನ್ನುವುದು ಲಿಮಿಟ್: ಈ ಪಾರ್ಟಿಯ ಹತ್ತಿರ ನಮ್ಮ ದುಡ್ಡು ಒಟ್ಟಿಗೆ ಇಷ್ಟಕ್ಕಿಂತ ಜಾಸ್ತಿ ಇರಬಾರದು. ಎಷ್ಟು ದಿನ ಅನ್ನುವುದು ಗಡುವು: ಪ್ರತಿ ಬಿಲ್ಲೂ ಅದರ ತಾರೀಖಿನಿಂದ ಇಷ್ಟು ದಿನದೊಳಗೆ ತೀರಬೇಕು. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಬಹಳ ಜನ. "ನನ್ನ ಲಿಮಿಟ್ ಮೂರೂವರೆ ಲಕ್ಷ, ಬಾಕಿ ಇರೋದು ಒಂದೂವರೆ ಲಕ್ಷ, ಮತ್ಯಾಕೆ ನಿಲ್ಲಿಸಿದಿರಿ?" ಅನ್ನುವ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಲಿಮಿಟ್‌ನಲ್ಲಿ ಜಾಗ ಇದ್ದರೂ ಒಂದು ಹಳೆಯ ಬಿಲ್ ಗಡುವು ದಾಟಿ ಕೂತಿದ್ದರೆ ಆರ್ಡರ್ ನಿಲ್ಲುತ್ತದೆ. ಎಲ್ಲ ಬಿಲ್ಲೂ ಗಡುವಿನೊಳಗೆ ಇದ್ದು ಲಿಮಿಟ್ ದಾಟಿದರೂ ನಿಲ್ಲುತ್ತದೆ. ಎರಡು ಬಾಗಿಲು, ಎರಡನ್ನೂ ದಾಟಬೇಕು.

ಮದ್ದೂರಿನವರ ಲಿಮಿಟನ್ನು ನಾವು ಹೀಗೆ ಲೆಕ್ಕ ಹಾಕಿದ್ದೆವು. ತಿಂಗಳಿಗೆ ಹೆಚ್ಚು ಕಡಿಮೆ 2 ಲಕ್ಷ ರೂಪಾಯಿಯ ಮಾಲು ತಗೊಳ್ಳುತ್ತಾರೆ. ಇದು ತೆರಿಗೆ ಬಿಟ್ಟು. ಪಿವಿಸಿ ಪೈಪಿಗೆ ಜಿಎಸ್‌ಟಿ ನೂರಕ್ಕೆ 18. ಅಲ್ಲಿಗೆ ಬಿಲ್ಲಿನ ಮೊತ್ತ 2,36,000. ಬಾಕಿ ಅಂತ ಲೆಡ್ಜರ್‌ನಲ್ಲಿ ಕೂರುವುದು ತೆರಿಗೆ ಸೇರಿದ ಮೊತ್ತವೇ ಅಲ್ವಾ? ಹಾಗಾಗಿ ಲಿಮಿಟನ್ನೂ ತೆರಿಗೆ ಸೇರಿಸಿಯೇ ಹಾಕಬೇಕು. ಇದನ್ನು ಮರೆತು 2 ಲಕ್ಷದ ಮೇಲೆ ಲೆಕ್ಕ ಹಾಕಿದರೆ, ಒಳ್ಳೆಯ ಪಾರ್ಟಿಯೂ ಪ್ರತಿ ತಿಂಗಳು ಸುಮ್ನೆ ಲಿಮಿಟ್‌ಗೆ ತಲೆ ಬಡಿಯುತ್ತಿರುತ್ತಾರೆ. ಗಡುವು 30 ದಿನ. ಆದರೆ ಮಾಲು ದಿನಾ ಸಮನಾಗಿ ಹೋಗುವುದಿಲ್ಲ, ಕೆಲವು ಸಲ ಎರಡು ಲೋಡ್ ಬೆನ್ನಿಗೆ ಬೆನ್ನು ಹೋಗುತ್ತದೆ. ಅದಕ್ಕೆ ಇನ್ನು 15 ದಿನದ ಮಾಲು ಸೇರಿಸಿದೆವು. ಒಂದೂವರೆ ತಿಂಗಳಿಗೆ 3,54,000 ಆಯಿತು. 3,50,000ಕ್ಕೆ ನಿಲ್ಲಿಸಿದೆವು.

ಇದು ಪಾರ್ಟಿಗೆ ಎಷ್ಟು ಬೇಕು ಅನ್ನುವ ಲೆಕ್ಕ. ನಮಗೆ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ ಬೇರೆ. ಲಾಭ ನೂರಕ್ಕೆ 5 ಅಂತ ಇಟ್ಟುಕೊಳ್ಳಿ. ಮೂರೂವರೆ ಲಕ್ಷ ಮುಳುಗಿದರೆ ಅದನ್ನು ತುಂಬಿಕೊಳ್ಳಲು 70 ಲಕ್ಷದ ವ್ಯಾಪಾರ ಮಾಡಬೇಕು. ಇದರ ಮೇಲೆ ಜಿಎಸ್‌ಟಿ ಇದೆ. ಪಾರ್ಟಿ ದುಡ್ಡು ಕೊಡಲಿ ಬಿಡಲಿ, ಜನವರಿಯಲ್ಲಿ ಹಾಕಿದ ಬಿಲ್ಲಿನ ತೆರಿಗೆಯನ್ನು ತಿಂಗಳ ರಿಟರ್ನ್ ಸಲ್ಲಿಸುವವರು ಫೆಬ್ರುವರಿ 20ರೊಳಗೆ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಜನವರಿ 22ರಂದು ಮದ್ದೂರಿಗೆ ಹೋದ 94,400ರ ಬಿಲ್ಲಿನಲ್ಲಿ 14,400 ತೆರಿಗೆ. ಅದರ ಗಡುವು ಫೆಬ್ರುವರಿ 21. ಅಂದರೆ ಪಾರ್ಟಿ ಸರಿಯಾಗಿ ಗಡುವಿನ ದಿನವೇ ಕೊಟ್ಟರೂ, ಅದರ ಹಿಂದಿನ ದಿನವೇ ನಾವು ಸರ್ಕಾರಕ್ಕೆ ಆ 14,400ರ ಲೆಕ್ಕ ಒಪ್ಪಿಸಿರುತ್ತೇವೆ. ನಮ್ಮ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳಬಹುದು, ಸರಿ. ಆದರೆ ಪಾರ್ಟಿಯ ದುಡ್ಡು ಮುಳುಗಿತು ಅಂತ ಹೇಳಿ ಆ ತೆರಿಗೆಯನ್ನು ವಾಪಸ್ ಕೇಳುವ ದಾರಿ ನಮ್ಮ ಜಿಎಸ್‌ಟಿಯಲ್ಲಿ ಇಲ್ಲ. ಉದ್ರಿ ಕೊಡುವವರು ಇದನ್ನು ಲಿಮಿಟ್ ಹಾಕುವಾಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈಗ ಆ ಬೆಳಿಗ್ಗೆಗೆ ಬರೋಣ. ಮದ್ದೂರಿನವರ ಹೆಸರಲ್ಲಿ ಮೂರು ಬಿಲ್ ಇದ್ದವು. ಬಿಲ್ 412, ಜನವರಿ 6ರದು, 1,18,000. ಬಿಲ್ 447, ಜನವರಿ 22ರದು, 94,400. ಬಿಲ್ 480, ಫೆಬ್ರುವರಿ 3ರದು, 59,000. ಮೊದಲನೆಯದರ ಗಡುವು ಫೆಬ್ರುವರಿ 5. ಅವರು ಒಂದು ದಿನ ಮುಂಚೆಯೇ, 4ನೇ ತಾರೀಖು, 1,18,000 ಬ್ಯಾಂಕಿಗೆ ಹಾಕಿದ್ದರು. ಬಿಲ್ ನಂಬರ್ ಬರೆದು ವಾಟ್ಸಾಪ್ ಕೂಡ ಮಾಡಿದ್ದರು.

ನಮ್ಮ ಹುಡುಗ ಆ ದುಡ್ಡನ್ನು ನಾವು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಅದೇ ದಿನ ಹತ್ತಿಸಿದ್ದ. ಆದರೆ ಹತ್ತಿಸುವಾಗ ಯಾವ ಬಿಲ್ಲಿಗೆ ಅಂತ ಟ್ಯಾಲಿ ಕೇಳುತ್ತದೆ. ಅಲ್ಲಿ `Agst Ref` ಆರಿಸಿ 412ನ್ನು ತೋರಿಸಬೇಕಿತ್ತು. ಅವನು ಅವಸರದಲ್ಲಿ `On Account` ಒತ್ತಿ ಮುಂದೆ ಹೋಗಿದ್ದ. ಇದರಿಂದ ಏನಾಗುತ್ತದೆ ನೋಡಿ. ಒಟ್ಟು ಬಾಕಿ ಸರಿಯಾಗಿಯೇ ಇಳಿಯುತ್ತದೆ. 2,71,400 ಇದ್ದದ್ದು 1,53,400 ಆಗುತ್ತದೆ. ಲೆಡ್ಜರ್ ತೆಗೆದು ನೋಡಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಬಿಲ್‌ವಾರು ಬಾಕಿ ತೆಗೆದರೆ 412 ಇನ್ನೂ ಪೂರ್ತಿ ಬಾಕಿ ಅಂತಲೇ ನಿಂತಿರುತ್ತದೆ. ಕೆಳಗೆ ಎಲ್ಲೋ ಬಿಲ್ ನಂಬರ್ ಇಲ್ಲದ 1,18,000 ಜಮಾ ಒಂದು ಅನಾಥವಾಗಿ ಬಿದ್ದಿರುತ್ತದೆ.

ಲಿಮಿಟ್ ನೋಡುವ ಬಾಗಿಲಿಗೆ ಒಟ್ಟು ಬಾಕಿ ಸಾಕು. ಗಡುವು ನೋಡುವ ಬಾಗಿಲಿಗೆ ಬಿಲ್‌ವಾರು ಬಾಕಿಯೇ ಬೇಕು, ಯಾಕೆಂದರೆ ದಿನ ಎಣಿಸುವುದು ಬಿಲ್ಲಿನ ತಾರೀಖಿನಿಂದ. ನಮ್ಮ ಆರ್ಡರ್ ಸಾಫ್ಟ್‌ವೇರ್ ಪ್ರತಿ ರಾತ್ರಿ ಟ್ಯಾಲಿಯಿಂದ ಈ ಬಿಲ್‌ವಾರು ಬಾಕಿಯನ್ನು ಎತ್ತಿಕೊಳ್ಳುತ್ತದೆ. ಗಡುವು ದಾಟಿ 7 ದಿನದವರೆಗೆ ನಾವು ಸುಮ್ಮನಿರುತ್ತೇವೆ, 8ನೇ ದಿನದಿಂದ ಹೊಸ ಆರ್ಡರ್ ನಿಲ್ಲುತ್ತದೆ. 14ನೇ ತಾರೀಖಿಗೆ 412ರ ಗಡುವು ದಾಟಿ 9 ದಿನ. ಹೊಸ ಆರ್ಡರ್ 1,41,600. ಬಾಕಿಯ ಜೊತೆ ಕೂಡಿಸಿದರೆ 2,95,000, ಲಿಮಿಟ್‌ನೊಳಗೇ ಇದೆ. ಆದರೆ ಗಡುವಿನ ಬಾಗಿಲು ಮುಚ್ಚಿತು. ತೀರಿದ ಬಿಲ್ಲಿಗಾಗಿ ಮುಚ್ಚಿತು.

ರಸೀದಿ ತೆರೆದು `On Account` ತೆಗೆದು 412ಕ್ಕೆ ಹೊಂದಿಸಲು ಎರಡು ನಿಮಿಷ ಸಾಕಾಯಿತು. ಆದರೆ ಆರ್ಡರ್ ಸಾಫ್ಟ್‌ವೇರ್ ಮತ್ತೆ ಲೆಕ್ಕ ಎತ್ತುವುದು ರಾತ್ರಿ. ಅದಕ್ಕೇ ಇಂಥ ಕಡೆ ಒಂದು ಪಾರ್ಟಿಯ ಲೆಕ್ಕವನ್ನು ಮಾತ್ರ ಆಗಲೇ ಎತ್ತಿಕೊಳ್ಳುವ ಬಟನ್ ಇರಲೇಬೇಕು. ಇಲ್ಲದಿದ್ದರೆ ಸರಿ ಮಾಡಿದ ಮೇಲೂ ರೈತ ಇನ್ನೊಂದು ದಿನ ಕಾಯಬೇಕು.

ಇಂಥದ್ದನ್ನು ಮೊದಲೇ ಹಿಡಿಯುವುದು ಕಷ್ಟ ಅಲ್ಲ. ಯಾವ ಪಾರ್ಟಿಯ ಹೆಸರಲ್ಲಿ ಬಿಲ್ ನಂಬರ್ ಇಲ್ಲದ ಜಮಾನೂ ಇದೆ, ಗಡುವು ದಾಟಿದ ಬಿಲ್ಲೂ ಇದೆ, ಅವರ ಪಟ್ಟಿಯನ್ನು ದಿನಾ ಸಂಜೆ ತೆಗೆಯಬೇಕು. ಎರಡೂ ಒಟ್ಟಿಗೆ ಇವೆ ಅಂದರೆ ಹತ್ತರಲ್ಲಿ ಎಂಟು ಸಲ ತಪ್ಪು ನಮ್ಮದೇ ಅನ್ನುವುದು ನನ್ನ ಅನುಭವ. ನಾನು ಈಗ ಈ ಪಟ್ಟಿ ಖಾಲಿಯಾಗದೆ ಮನೆಗೆ ಹೋಗುವುದಿಲ್ಲ.

ಬಂದ ದುಡ್ಡನ್ನು ಯಾವ ಬಿಲ್ಲಿಗೆ ಹೊಂದಿಸಬೇಕು ಅನ್ನುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದೂ ಅಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 59ರಿಂದ 61ರವರೆಗಿನ ಕಲಮುಗಳು ಇದನ್ನೇ ಹೇಳುತ್ತವೆ. ಕೊಡುವವರು ಇಂಥ ಬಾಕಿಗೆ ಅಂತ ಹೇಳಿ ಕೊಟ್ಟರೆ, ಆ ದುಡ್ಡನ್ನು ತಗೊಂಡ ಮೇಲೆ ಅದಕ್ಕೇ ಜಮಾ ಮಾಡಬೇಕು. ಬಾಯಿಬಿಟ್ಟು ಹೇಳದಿದ್ದರೂ ಸಂದರ್ಭವೇ ಹೇಳುವಂತಿದ್ದರೆ ಸಾಕು. ನೀವು ಒಂದು ಬಾಕಿಯನ್ನು ಕೇಳಿದ್ದೀರಿ, ಅವರು ಸರಿಯಾಗಿ ಅಷ್ಟೇ ಮೊತ್ತ ಕಳಿಸಿದ್ದಾರೆ ಅನ್ನುವುದು ಅಂಥ ಸಂದರ್ಭ. ಅವರು ಏನೂ ಸೂಚಿಸದಿದ್ದರೆ ಆಯ್ಕೆ ನಮ್ಮದು. ಇಬ್ಬರೂ ಏನೂ ಮಾಡದಿದ್ದರೆ ಹಳೆಯ ಬಾಕಿಯಿಂದ ಶುರುವಾಗಿ ತೀರುತ್ತಾ ಬರುತ್ತದೆ. ಮದ್ದೂರಿನವರು ಬಿಲ್ ನಂಬರನ್ನೇ ಬರೆದು ಕಳಿಸಿದ್ದರು. `On Account` ಒತ್ತಿದಾಗ ನಾವು ಅವರು ಹೇಳಿದ ಮಾತನ್ನೇ ಕಡೆಗಣಿಸಿದ ಹಾಗಾಯಿತು. ಇದು ನನಗೆ ನಿಜವಾಗಿ ಬೇಸರ ತಂದ ವಿಷಯ.

ಇದೇ ನಿಯಮ ಇನ್ನೊಂದು ಕಡೆಯಿಂದಲೂ ಕೆಲಸಕ್ಕೆ ಬರುತ್ತದೆ. ಹೋಲ್ಡ್ ಆದ ಕೂಡಲೇ 20,000 ಹಾಕಿ, "ದುಡ್ಡು ಹಾಕಿದೀನಲ್ಲ, ಬಿಡಿ" ಅನ್ನುವವರಿದ್ದಾರೆ. ಒಂದು ಲಕ್ಷದ ಹಳೆಯ ಬಿಲ್ಲಿಗೆ 20,000 ಜಮಾ ಆದರೆ ಉಳಿದ 80,000ದ ತಾರೀಖು ಹಳೆಯದೇ. ದಿನದ ಎಣಿಕೆ ಬದಲಾಗುವುದಿಲ್ಲ, ಹೋಲ್ಡೂ ಬಿಡುವುದಿಲ್ಲ. ಪಾರ್ಟಿಯ ಕೊನೆಯ ಪಾವತಿ ಯಾವತ್ತು ಬಂತು ಅಂತ ನೋಡಿ ಹೋಲ್ಡ್ ತೀರ್ಮಾನಿಸುವ ಹಾಗೆ ಸಾಫ್ಟ್‌ವೇರ್ ಹೊಂದಿಸಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಹಾಗೆ ಹೊಂದಿಸಬೇಡಿ.

ಇನ್ನೊಂದು ತರಹದ ತಪ್ಪು ಹೋಲ್ಡ್ ಮಳವಳ್ಳಿಯ ಅಂಗಡಿಯೊಂದಕ್ಕೆ ಆಗಿತ್ತು. 70,800ರ ಬಿಲ್. ಲೋಡ್ ಇಳಿಸುವಾಗ ಕೆಲವು ಪೈಪು ಸೀಳಿದ್ದು ಕಂಡಿತ್ತು. ನಮ್ಮ ಡ್ರೈವರ್ ಚಲನ್ನಿನ ಹಿಂದೆ ಬರೆದು ಸಹಿ ಮಾಡಿಸಿಕೊಂಡು ಬಂದಿದ್ದ. ಪಾರ್ಟಿ ಅದರ 1,180 ಹಿಡಿದುಕೊಂಡು 69,620 ಕಳಿಸಿದರು. ನ್ಯಾಯವಾಗಿ ನಾವು ಆ 1,180ಕ್ಕೆ ಕ್ರೆಡಿಟ್ ನೋಟ್ ಹಾಕಿ ಬಾಕಿಯಿಂದ ಅಷ್ಟನ್ನು ಕಳೆಯಬೇಕಿತ್ತು. ಹಾಕಿರಲಿಲ್ಲ. ಚಲನ್ ಗೋಡೌನ್‌ನ ಮೊಳೆಗೆ ಸಿಕ್ಕಿಸಿದ್ದು ಅಲ್ಲೇ ನೇತಾಡುತ್ತಿತ್ತು. ಗಡುವು ದಾಟಿ 20 ದಿನವಾದಾಗ, ಅವರ 55,000ದ ಆರ್ಡರ್ ಈ 1,180ಕ್ಕಾಗಿ ನಿಂತಿತು.

ಅವತ್ತಿನಿಂದ ಎರಡು ಬದಲಾವಣೆ ಮಾಡಿದೆವು. ಗಡುವು ದಾಟಿದ ಒಟ್ಟು ಮೊತ್ತ 2,000ಕ್ಕಿಂತ ಕಡಿಮೆ ಇದ್ದರೆ ಹೋಲ್ಡ್ ಆಗುವುದಿಲ್ಲ, ಸುಮ್ನೆ ಒಂದು ಪಟ್ಟಿಗೆ ಹೋಗುತ್ತದೆ, ನಾವು ಫೋನ್ ಮಾಡಿ ವಿಚಾರಿಸುತ್ತೇವೆ. ಮತ್ತೆ, ತಕರಾರು ಇರುವ ಮೊತ್ತಕ್ಕೆ ಬಿಲ್ಲಿನಲ್ಲೇ ಗುರುತು ಹಾಕುತ್ತೇವೆ. ಗುರುತು ಹಾಕಿದಷ್ಟು ಮೊತ್ತವನ್ನು ಗಡುವಿನ ಲೆಕ್ಕದಿಂದ ಹೊರಗಿಡುತ್ತೇವೆ, ಆದರೆ 15 ದಿನ ಮಾತ್ರ. ಅಷ್ಟರೊಳಗೆ ಕ್ರೆಡಿಟ್ ನೋಟ್ ಆಗಬೇಕು, ಇಲ್ಲವೇ ತಕರಾರು ಬಿದ್ದುಹೋಗಬೇಕು. ದಿನದ ಕಟ್ಟು ಇಲ್ಲದಿದ್ದರೆ ದುಡ್ಡು ಕೊಡಲು ಮನಸ್ಸಿಲ್ಲದ ಪ್ರತಿ ಬಿಲ್ಲಿಗೂ ಒಂದು ತಕರಾರು ಹುಟ್ಟಿಕೊಳ್ಳುತ್ತದೆ.

ಹೋಲ್ಡ್ ಎಲ್ಲಿ ಬೀಳಬೇಕು ಅನ್ನುವುದು ಇನ್ನೊಂದು ಮಾತು. ಮೊದಲು ನಮ್ಮಲ್ಲಿ ಬಿಲ್ ಹಾಕುವಾಗ ಮಾತ್ರ ತಪಾಸಣೆ ಇತ್ತು. ಬೆಳಿಗ್ಗೆ ಏಳಕ್ಕೆ ಹಮಾಲಿಗಳು ಗೂಡ್ಸ್ ಗಾಡಿಗೆ ಪೈಪು ಏರಿಸಿ, ಹಗ್ಗ ಬಿಗಿದು, ಟೀ ಕುಡಿಯಲು ಹೋದ ಮೇಲೆ ಬಿಲ್ ಹಾಕಲು ಕೂತರೆ ಪಾರ್ಟಿ ಹೋಲ್ಡ್! ಮತ್ತೆ ಎಲ್ಲ ಇಳಿಸಬೇಕು. ಹಮಾಲಿ ಕೂಲಿ ಎರಡು ಸಲ, ಗಾಡಿಯವರ ಮುನಿಸು ಬೇರೆ. ಅಷ್ಟು ಏರಿಸಿದ ಮೇಲೆ ಇಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ, "ಈ ಸಲ ಬಿಟ್ಟುಬಿಡಿ" ಅಂತಲೇ ಆಗುತ್ತದೆ. ಈಗ ಆರ್ಡರ್ ಬರೆಯುವಾಗಲೇ ಒಂದು ತಪಾಸಣೆ, ಗೋಡೌನ್‌ಗೆ ಲೋಡಿಂಗ್ ಚೀಟಿ ಹೋಗುವ ಮುಂಚೆ ಇನ್ನೊಂದು. ಎರಡನೆಯದು ಯಾಕೆಂದರೆ ಸೋಮವಾರ ಬರೆದ ಆರ್ಡರ್ ಶುಕ್ರವಾರ ಹೊರಡುವಷ್ಟರಲ್ಲಿ ಒಂದು ಬಿಲ್ ಗಡುವು ದಾಟಿರಬಹುದು.

ಲಿಮಿಟ್ ನೋಡುವಾಗ ಹಾಕಿದ ಬಿಲ್ಲುಗಳ ಬಾಕಿ ಮಾತ್ರ ಸಾಲದು, ಒಪ್ಪಿಕೊಂಡು ಇನ್ನೂ ಹೋಗದ ಆರ್ಡರುಗಳನ್ನೂ ಕೂಡಿಸಬೇಕು. ಇಲ್ಲದಿದ್ದರೆ ಒಂದೇ ದಿನ ಮೂರು ಆರ್ಡರ್ ಬಂದರೆ ಮೂರೂ ಬೇರೆ ಬೇರೆಯಾಗಿ ಪಾಸಾಗುತ್ತವೆ, ಒಟ್ಟಿಗೆ ಲಿಮಿಟ್ ಮುರಿಯುತ್ತವೆ. ಹೋಲ್ಡ್ ಯಾವತ್ತೂ ನಿಲ್ಲಿಸಬಾರದ ಕೆಲಸಗಳೂ ಇವೆ. ದುಡ್ಡು ಜಮಾ, ಮಾಲು ವಾಪಸ್, ಕ್ರೆಡಿಟ್ ನೋಟ್, ಗ್ಯಾರಂಟಿಯ ಪಂಪ್ ರಿಪೇರಿ. ಪಾರ್ಟಿ ಮೇಲೆ ಪೂರ್ತಿ ಬೀಗ ಹಾಕುವ ಸಾಫ್ಟ್‌ವೇರ್‌ನಲ್ಲಿ ಇವೂ ನಿಂತುಹೋಗುತ್ತವೆ. ಆಗ ಬಾಕಿ ತೀರಿಸಲು ಬಂದವರ ದುಡ್ಡನ್ನೇ ಹತ್ತಿಸಲಾಗದ ಸ್ಥಿತಿ ಬರುತ್ತದೆ.

ನಮ್ಮ ಕಡೆ ಬೇಸಿಗೆ ಬಂತೆಂದರೆ ಈ ಲಿಮಿಟ್ ಬಿಗಿಯಾಗುತ್ತದೆ. ನಾಲೆಯಲ್ಲಿ ನೀರು ನಿಂತ ಕೂಡಲೇ ಬೋರ್ ಕೊರೆಸುವುದು, ಪೈಪು ಎಳೆಸುವುದು ಜಾಸ್ತಿ. ಅಂಗಡಿಯವರು ರೈತರಿಗೆ ಸಾಲ ಕೊಡುತ್ತಾರೆ. ರೈತರು ಕಬ್ಬಿನ ದುಡ್ಡು ಬಂದ ಮೇಲೆ ಕೊಡುತ್ತೀವಿ ಅನ್ನುತ್ತಾರೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಕೊಡಬೇಕು. ಅದು ತಡವಾದರೆ ಆ ತಡ ಅಂಗಡಿಗೆ, ಅಂಗಡಿಯಿಂದ ನಮಗೆ ಬರುತ್ತದೆ. ಇದನ್ನು ಬಲ್ಲ ನಾವು ಮಾರ್ಚ್‌ನಿಂದ ಮೇ 31ರವರೆಗೆ ಕೆಲವರ ಲಿಮಿಟ್ ಏರಿಸುತ್ತೇವೆ. ಗಡುವನ್ನು ಮಾತ್ರ ಮುಟ್ಟುವುದಿಲ್ಲ. ಜಾಸ್ತಿ ಮಾಲು ಬೇಕು ಅನ್ನುವುದು ವ್ಯಾಪಾರ ಬೆಳೆದದ್ದರ ಗುರುತು. ಜಾಸ್ತಿ ದಿನ ಬೇಕು ಅನ್ನುವುದು ಕೈಯಲ್ಲಿ ದುಡ್ಡಿಲ್ಲದ್ದರ ಗುರುತು. ಏರಿಸಿದ ಲಿಮಿಟ್‌ಗೆ ಮುಗಿಯುವ ತಾರೀಖನ್ನು ಅವತ್ತೇ ಹಾಕಬೇಕು. ಇಲ್ಲದಿದ್ದರೆ ಮಳೆಗಾಲದಲ್ಲೂ ಅದೇ ಲಿಮಿಟ್ ಉಳಿದುಬಿಡುತ್ತದೆ.

ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ದುಡ್ಡು ಕೊಡಿಸುವ ಕಾನೂನು ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ, 2006ರ ಎಂಎಸ್‌ಎಂಇ ಕಾಯ್ದೆ. ಆದರೆ ಅದರ ಈ ಅನುಕೂಲ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. 2021ರಲ್ಲಿ ಹೋಲ್‌ಸೇಲ್, ರಿಟೇಲ್ ವ್ಯಾಪಾರಿಗಳನ್ನು ಸೇರಿಸಿದ್ದು ಬ್ಯಾಂಕುಗಳ ಆದ್ಯತಾ ಸಾಲಕ್ಕೆ ಮಾತ್ರ. ನಮ್ಮಂಥ ವ್ಯಾಪಾರಿಗಳಿಗೆ ನಮ್ಮ ಬಿಲ್ಲಿನ ಷರತ್ತೇ ಗತಿ. ಅದಕ್ಕೇ ಗಡುವನ್ನು ಬಿಲ್ಲಿನ ಮೇಲೆ ತಾರೀಖಿನ ರೂಪದಲ್ಲೇ ಅಚ್ಚು ಹಾಕಿಸುತ್ತೇವೆ. "30 ದಿನ" ಅಂತ ಬರೆದರೆ ಬಿಲ್ಲಿನ ದಿನದಿಂದಲೋ ಮಾಲು ಬಂದ ದಿನದಿಂದಲೋ ಅನ್ನುವ ಜಗಳ ಉಳಿಯುತ್ತದೆ. "ಫೆಬ್ರುವರಿ 21ರೊಳಗೆ" ಅಂತ ಇದ್ದರೆ ಉಳಿಯುವುದಿಲ್ಲ.

ಮದ್ದೂರಿನವರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ದಿನ ಬಿಟ್ಟ ಮಾಲು ಬಿಲ್ 503 ಆಯಿತು. ಮಾರ್ಚ್ 3ಕ್ಕೆ ಮತ್ತೆ 82,600ರ ಆರ್ಡರ್ ಬಂತು. ಈ ಸಲ ಹೋಲ್ಡ್ ನ್ಯಾಯವಾಗಿಯೇ ಬಿತ್ತು. ಬಿಲ್ 447ರ ಗಡುವು ದಾಟಿ 10 ದಿನ ಆಗಿತ್ತು. ಬಾಕಿ 2,95,000ಕ್ಕೆ ಹೊಸ ಆರ್ಡರ್ ಸೇರಿಸಿದರೆ 3,77,600, ಲಿಮಿಟೂ ದಾಟುತ್ತಿತ್ತು. ಎರಡೂ ಬಾಗಿಲು ಮುಚ್ಚಿದ್ದವು.

ನಮ್ಮ ಸೇಲ್ಸ್‌ನವನು 94,400ರ ಚೆಕ್ ತಂದ. "ಚೆಕ್ ಬಂತಲ್ಲ ಸಾರ್, ಗಾಡಿ ಬಿಡೋಣ" ಅಂದ. ಹಿಂದೆ ನಾವು ಹಾಗೇ ಮಾಡುತ್ತಿದ್ದೆವು. ಚೆಕ್ ಕೈಗೆ ಬಂದ ಕೂಡಲೇ ಜಮಾ ಹತ್ತಿಸುತ್ತಿದ್ದೆವು, ಹೋಲ್ಡ್ ಬಿಡುತ್ತಿತ್ತು. ಒಂದು ಸಲ ಬೇರೆ ಪಾರ್ಟಿಯ ಚೆಕ್ ಬೌನ್ಸ್ ಆಯಿತು. ಅಷ್ಟರಲ್ಲಿ ಎರಡು ಲೋಡ್ ಹೋಗಿಯಾಗಿತ್ತು. ಬೌನ್ಸ್ ಆದ ಚೆಕ್‌ಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಲ್ಲಿ ನೋಟಿಸ್ ಕೊಡಲು ಬ್ಯಾಂಕ್ ತಿಳಿಸಿದ ದಿನದಿಂದ 30 ದಿನ ಅವಕಾಶ ಇದೆ ನಿಜ, ಆದರೆ ಕೋರ್ಟಿನ ದಾರಿ ಹಿಡಿದ ದುಡ್ಡು ಬೇಗ ಬರುವುದಿಲ್ಲ. ಈಗ ಬ್ಯಾಂಕಿನಲ್ಲಿ ಪಾಸಾಗದ ಚೆಕ್ ನಮ್ಮ ಲೆಕ್ಕದಲ್ಲಿ ಹೋಲ್ಡ್ ಬಿಡಿಸುವುದಿಲ್ಲ. ಇದು ಈಗ ದೊಡ್ಡ ತೊಂದರೆಯೂ ಅಲ್ಲ. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಚೆಕ್ ಕ್ಲಿಯರಿಂಗನ್ನು ದಿನವಿಡೀ ನಡೆಯುವಂತೆ ಮಾಡಿದೆ. ಬೆಳಿಗ್ಗೆ ಹಾಕಿದರೆ ಸಂಜೆಯೊಳಗೆ ಗೊತ್ತಾಗುತ್ತದೆ.

ಬೇಕೇಬೇಕು ಅಂದರೆ ಹೋಲ್ಡ್ ಬಿಡಿಸುವ ಅಧಿಕಾರ ನಮ್ಮ ಯಜಮಾನರಿಗೆ ಇದೆ. ಸೇಲ್ಸ್‌ನವರಿಗೆ ಇಲ್ಲ. ಅವರ ಕಮಿಷನ್ ಬಿಲ್ಲಿನ ಮೇಲೆ ನಿಂತಿರುವಾಗ ಆ ಭಾರವನ್ನು ಅವರ ಮೇಲೆ ಹಾಕುವುದು ಅವರಿಗೂ ನ್ಯಾಯವಲ್ಲ. ಯಜಮಾನರು ಬಿಡಿಸಿದರೂ ಅದು ಆ ಒಂದು ಆರ್ಡರಿಗೆ ಮಾತ್ರ, ಅದೂ ಕಾರಣ ಬರೆದು. ಪಾರ್ಟಿಯ ಹೋಲ್ಡನ್ನೇ ತೆಗೆದುಬಿಟ್ಟರೆ ಅದನ್ನು ಮತ್ತೆ ಹಾಕಲು ಯಾರಿಗೂ ನೆನಪಾಗುವುದಿಲ್ಲ.

ಅವತ್ತು ಅದರ ಅಗತ್ಯ ಬೀಳಲಿಲ್ಲ. ಚೆಕ್ ಸಂಜೆ ಪಾಸಾಯಿತು. 447ಕ್ಕೇ ಹೊಂದಿಸಿದೆ. ಬಾಕಿ 2,00,600ಕ್ಕೆ ಇಳಿಯಿತು, ಹೊಸ ಆರ್ಡರ್ ಸೇರಿ 2,83,200. ಮಾರ್ಚ್ 4ರ ಬೆಳಿಗ್ಗೆ ಗಾಡಿ ಹೊರಟಿತು. ಬಿಲ್ 480ರ ಗಡುವು ಮಾರ್ಚ್ 5. ಗಡುವಿಗೆ 5 ದಿನ ಮುಂಚೆ ಹೋಗುವ ಮೆಸೇಜ್ ಫೆಬ್ರುವರಿ 28ಕ್ಕೇ ಅವರಿಗೆ ಹೋಗಿತ್ತು. ಅದರಲ್ಲಿ ಇಷ್ಟೇ ಇರುತ್ತದೆ: ಬಿಲ್ 480, ಮೊತ್ತ 59,000, ಮಾರ್ಚ್ 5ರೊಳಗೆ, ದುಡ್ಡು ಹಾಕುವಾಗ ಬಿಲ್ ನಂಬರ್ ತಿಳಿಸಿ. ಕೊನೆಯ ಸಾಲನ್ನು ಸೇರಿಸಿದ್ದು ಫೆಬ್ರುವರಿ 14ರ ಫೋನ್ ಬಂದ ಮೇಲೆ. ಹಾಗೆ ತಿಳಿಸಿದ ನಂಬರನ್ನು ಓದಿ ಹೊಂದಿಸುವ ಕೆಲಸ ಈಗ ನಾನೇ ಮಾಡುತ್ತೇನೆ.